ಆರು ಮಂದಿಯ ಪುಂಡಿಪಲ್ಯ, ಒಬ್ಬರ ತಟ್ಟೆಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕೆಲಸದ ಮೇಲೆ ಕೊಪ್ಪಳದಿಂದ ರಾಯಚೂರಿಗೆ ಬಂದು ಬಾಡಿಗೆ ರೂಮು ಹಿಡಿದಾಗ ನನ್ನ ಚೀಲದಲ್ಲಿ ಅವ್ವನ ಅಡುಗೆ ನೋಟ್‌ಬುಕ್ ಇತ್ತು. ಮನೆಯಲ್ಲಿ ನಾವು ಆರು ಮಂದಿ. ಅದರಲ್ಲಿರುವ ಅಳತೆಯೆಲ್ಲ ಆರು ಮಂದಿಯದೇ. "ಇದು ಒಬ್ಬರಿಗೆ ಹೆಂಗವ್ವ?" ಎಂದು ಫೋನಿನಲ್ಲಿ ಕೇಳಿದೆ. "ಆರು ಪಾಲು ಮಾಡು, ಒಂದು ಪಾಲು ಹಾಕು, ಅಷ್ಟ" ಎಂದಳು.

ಹೇಳುವುದು ಸುಲಭ. ಅರ್ಧ ಬಟ್ಟಲು ನುಚ್ಚನ್ನು ಆರು ಪಾಲು ಮಾಡಿದರೆ ಬಟ್ಟಲಿನ ಹನ್ನೆರಡನೇ ಒಂದು ಪಾಲು. ಅದನ್ನು ಯಾವುದರಲ್ಲಿ ಅಳೆಯುವುದು? ಅಂಗಡಿಯಲ್ಲಿ ಸಿಗುವ ಅಳತೆ ಕಪ್ಪುಗಳಲ್ಲಿ ಅರ್ಧ ಇರುತ್ತದೆ, ಕಾಲು ಇರುತ್ತದೆ, ಆರನೇ ಒಂದು ಪಾಲಿನದು ನನಗಂತೂ ಸಿಗಲಿಲ್ಲ.

ದಾರಿ ಸಿಕ್ಕಿದ್ದು ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ. ಅದರ ಮೇಲೆ 5 ಮಿಲಿ ಎಂದು ಗೆರೆ ಇತ್ತು. ಐದು ಮಿಲಿ ಅಂದರೆ ಒಂದು ಟೀ ಚಮಚ. ಮನೆಯಲ್ಲಿ ನಾವು ಉಣ್ಣುವ ಸ್ಟೀಲ್ ಚಮಚ ಒಂದೊಂದು ಒಂದೊಂದು ಥರ ಇರುತ್ತದೆ, ಅದನ್ನು ನಂಬುವ ಹಾಗಿಲ್ಲ. ಊರಿಗೆ ಹೋದಾಗ ಅದೇ ಮುಚ್ಚಳದಿಂದ ಅವ್ವನ ಬಟ್ಟಲಿಗೆ ನೀರು ಹಾಕುತ್ತಾ ಎಣಿಸಿದೆ. ನಲವತ್ತೆಂಟು ಮುಚ್ಚಳಕ್ಕೆ ತುಂಬಿತು. ಅಂದರೆ 240 ಮಿಲಿ, ಅಂಗಡಿಯ ಕಪ್ಪಿನಷ್ಟೇ. ಇನ್ನು ನಲವತ್ತೆಂಟನ್ನು ಆರರಿಂದ ಭಾಗಿಸಿದರೆ ಎಂಟು. ಬಾಕಿ ಏನೂ ಉಳಿಯುವುದಿಲ್ಲ!

ರೂಮಿಗೆ ವಾಪಸ್ ಬಂದು ಒಂದು ಸಣ್ಣ ಉಪ್ಪಿನಕಾಯಿ ಬಟ್ಟಲು ತಗೊಂಡೆ. ಅದಕ್ಕೆ ಎಂಟು ಟೀ ಚಮಚ ನೀರು ಹಾಕಿ, ನೀರು ನಿಂತ ಕಡೆ ಒಳಗೆ ಮೊಳೆಯಿಂದ ಒಂದು ಗೀರು ಹಾಕಿದೆ. ಅಲ್ಲಿಗೆ ಲೆಕ್ಕ ಮುಗಿಯಿತು. ನೋಟ್‌ಬುಕ್ಕಿನಲ್ಲಿ ಬಟ್ಟಲು ಎಂದಿದ್ದ ಕಡೆಯೆಲ್ಲ ಈ ಸಣ್ಣ ಬಟ್ಟಲು. ಎರಡು ಎಂದಿದ್ದರೆ ಎರಡೇ, ಅರ್ಧ ಎಂದಿದ್ದರೆ ಅರ್ಧವೇ. ದೊಡ್ಡ ಚಮಚ ಎಂದಿದ್ದರೆ ಅದರಲ್ಲಿ ಮೂರು ಟೀ ಚಮಚ ಹಿಡಿಯುತ್ತದೆ, ಹಾಗಾಗಿ ನನಗೆ ಅರ್ಧ ಟೀ ಚಮಚ. ಟೀ ಚಮಚ ಎಂದಿದ್ದರೆ ಒಂದು ದೊಡ್ಡ ಚಿಟಿಕೆ. ಅವ್ವ ಬರೆದ ಅಂಕಿ ಹಾಗೇ ಇದೆ, ಪಾತ್ರೆ ಮಾತ್ರ ಬೇರೆ.

ಪುಂಡಿಪಲ್ಯವನ್ನೇ ನೋಡಿ. ಅವ್ವ ಬರೆದದ್ದು ಹೀಗೆ: ತೊಗರಿಬೇಳೆ 1 ಬಟ್ಟಲು, ಜೋಳದ ನುಚ್ಚು ಅರ್ಧ ಬಟ್ಟಲು, ನೀರು 5 ಬಟ್ಟಲು, ಬಿಡಿಸಿ ಒತ್ತಿ ತುಂಬಿದ ಪುಂಡಿ ಎಲೆ 6 ಬಟ್ಟಲು. ಹಸಿಮೆಣಸಿನಕಾಯಿ 12, ಬೆಳ್ಳುಳ್ಳಿ 18 ಎಸಳು, ಎಣ್ಣೆ 6 ದೊಡ್ಡ ಚಮಚ, ಉಪ್ಪು 1 ದೊಡ್ಡ ಚಮಚ. ನನ್ನ ಅಳತೆಯಲ್ಲಿ ಬೇಳೆ ಒಂದು ಸಣ್ಣ ಬಟ್ಟಲು, ನುಚ್ಚು ಅದರಲ್ಲಿ ಅರ್ಧ, ನೀರು ಐದು. ಎಲೆಯನ್ನು ಆರು ಸಲ ಅಳೆಯುತ್ತಾ ಕೂರಬೇಕಿಲ್ಲ, ಆರು ಸಣ್ಣ ಬಟ್ಟಲು ಅಂದರೆ ಅವ್ವನ ಒಂದು ದೊಡ್ಡ ಬಟ್ಟಲು ತಾನೆ. ಮೆಣಸಿನಕಾಯಿ ಎರಡು, ಬೆಳ್ಳುಳ್ಳಿ ಮೂರು ಎಸಳು, ಎಣ್ಣೆ ಮೂರು ಟೀ ಚಮಚ, ಉಪ್ಪು ಅರ್ಧ ಟೀ ಚಮಚ.

ಇಷ್ಟೆಲ್ಲ ಸರಿ ಅಳೆದೂ ಮೊದಲ ದಿನ ಪಲ್ಯ ಸೀದು ಹೋಯಿತು. ಐದು ಲೀಟರಿನ ಕುಕ್ಕರಿಗೆ ಬೇಳೆ, ನುಚ್ಚು, ನೀರು ನೇರವಾಗಿ ಸುರಿದು ಸೀಟಿಗೆ ಕಾಯುತ್ತಾ ಕುಳಿತೆ. ಸೀಟಿ ಬರಲೇ ಇಲ್ಲ, ವಾಸನೆ ಬಂತು. ತೆಗೆದು ನೋಡಿದರೆ ತಳದಲ್ಲಿ ಕರಿ ರೊಟ್ಟಿಯಂಥದ್ದು ಅಂಟಿಕೊಂಡಿತ್ತು. ತಪ್ಪು ಅಳತೆಯದಲ್ಲ, ಆವಿಯದು. ಎಷ್ಟು ನೀರು ಆವಿಯಾಗಿ ಹೋಗುತ್ತದೆ ಎನ್ನುವುದು ಒಲೆಯ ಉರಿ, ಪಾತ್ರೆಯ ಅಗಲ, ಕುದಿಯುವ ಹೊತ್ತು ಇವುಗಳ ಮೇಲೆ ನಿಂತಿದೆ. ಉಣ್ಣುವವರು ಎಷ್ಟು ಮಂದಿ ಎಂದು ಆವಿ ಕೇಳುವುದಿಲ್ಲ. ಒಂದು ಲೋಟ ನೀರು ಆವಿಯಾದರೆ ಆರು ಮಂದಿಯ ಅಡುಗೆಗೆ ಗೊತ್ತೇ ಆಗುವುದಿಲ್ಲ. ನನ್ನ ಅಡುಗೆಯಲ್ಲಿ ಇದ್ದದ್ದೇ ಒಂದು ಲೋಟ!

ಈಗ ಬೇಳೆ, ನುಚ್ಚು, ಐದು ಸಣ್ಣ ಬಟ್ಟಲು ನೀರನ್ನು ಒಂದು ಸ್ಟೀಲ್ ಡಬ್ಬಿಗೆ ಹಾಕುತ್ತೇನೆ. ಮೇಲೆ ಒಂದು ತಟ್ಟೆ ಸುಮ್ನೆ ಮುಚ್ಚುತ್ತೇನೆ, ಬಿಗಿ ಮುಚ್ಚಳ ಬೇಡ. ಕುಕ್ಕರಿನ ತಳಕ್ಕೆ ಬೇರೆಯಾಗಿ ಎರಡು ಲೋಟ ನೀರು ಹಾಕಿ ಡಬ್ಬಿಯನ್ನು ಅದರಲ್ಲಿ ಇಡುತ್ತೇನೆ. ಆವಿಯಾಗುವುದು ತಳದ ನೀರು, ಡಬ್ಬಿಯ ನೀರು ಅಲ್ಲೇ ಉಳಿಯುತ್ತದೆ. ಹಾಗಾಗಿ ಅವ್ವನ ಅಳತೆ ಕೆಡುವುದಿಲ್ಲ. ಸೀಟಿ ಮಾತ್ರ ಕಡಿಮೆ ಮಾಡಬೇಡಿ. ಬೇಳೆ ಒಂದು ಹಿಡಿ ಇರಲಿ, ಆರು ಹಿಡಿ ಇರಲಿ, ಮೆತ್ತಗಾಗಲು ಬೇಕಾದ ಹೊತ್ತು ಹೆಚ್ಚು ಕಡಿಮೆ ಅಷ್ಟೇ. ನನ್ನ ಕುಕ್ಕರಿನಲ್ಲಿ ಡಬ್ಬಿ ಇಟ್ಟರೆ ಅವ್ವನಿಗಿಂತ ಒಂದು ಸೀಟಿ ಜಾಸ್ತಿಯೇ ಬೇಕು.

ಹೇಗೂ ಸ್ವಲ್ಪವೇ ಇದೆ ಎಂದು ಪುಂಡಿಯನ್ನೂ ಬೇಳೆಯ ಜೊತೆಗೇ ಹಾಕಲು ಮನಸ್ಸಾಗುತ್ತದೆ. ಬೇಡ. ಹುಳಿ ಸೇರಿದರೆ ಬೇಳೆ ಬೇಗ ಮೆತ್ತಗಾಗುವುದಿಲ್ಲ. ಎಲೆಯನ್ನು ಬೇರೆ ಸಣ್ಣ ಪಾತ್ರೆಯಲ್ಲಿ, ಮುಳುಗುವಷ್ಟು ನೀರಿನಲ್ಲಿ ಬಾಡಿಸಿ, ನೀರು ಬಸಿದು, ಬೆಂದ ಬೇಳೆಗೆ ಹಾಕಿ ಮಸೆಯಿರಿ. ಎಲ್ಲ ಸೇರಿದ ಮೇಲಿನ ಕುದಿ ಮಾತ್ರ ನಿಜವಾಗಿಯೂ ಬೇಗ ಮುಗಿಯುತ್ತದೆ. ನಾಲ್ಕೈದು ನಿಮಿಷ ಸಾಕು. ಚಮಚದಿಂದ ತಳ ಕೆರೆದಾಗ ದಾರಿ ಕಂಡು, ನಿಧಾನ ಮುಚ್ಚಿಕೊಂಡರೆ ಹದ ಬಂತು ಎಂದರ್ಥ.

ಎರಡು ಮೆಣಸಿನಕಾಯಿ, ಮೂರು ಎಸಳು ಬೆಳ್ಳುಳ್ಳಿಯನ್ನು ಮಿಕ್ಸಿಗೆ ಹಾಕಬೇಡಿ. ಬ್ಲೇಡಿಗೆ ಸಿಗದೆ ಜಾರಿನ ಗೋಡೆಗೆ ಹೋಗಿ ಅಂಟುತ್ತವೆ. ಸಣ್ಣ ಕಲ್ಲಿನಲ್ಲಿ ಉಪ್ಪು ಹಾಕಿ ಕುಟ್ಟಿ, ಒಂದು ನಿಮಿಷದ ಕೆಲಸ. ಒಗ್ಗರಣೆಗೂ ದೊಡ್ಡ ಬಾಣಲೆ ಆಗದು. ಮೂರು ಚಮಚ ಎಣ್ಣೆ ತಳದ ತುಂಬ ತೆಳ್ಳಗೆ ಹರಡಿ, ಸಾಸಿವೆ ಸಿಡಿಯುವ ಮೊದಲೇ ಜೀರಿಗೆ ಕಪ್ಪಾಗುತ್ತದೆ. ಒಗ್ಗರಣೆ ಸೌಟಿನಲ್ಲಿ ಅದೇ ಎಣ್ಣೆ ಒಂದು ಕಡೆ ನಿಲ್ಲುತ್ತದೆ, ಸಾಸಿವೆ ಮುಳುಗಿ ಸಿಡಿಯುತ್ತದೆ.

ಎಣಿಸಿ ಹಾಕುವ ಕೆಲವು ಪದಾರ್ಥ ಆರರಿಂದ ಭಾಗವಾಗುವುದಿಲ್ಲ. ಬೇರೊಂದು ಪಲ್ಯಕ್ಕೆ ಅವ್ವ ಎರಡು ಉಳ್ಳಾಗಡ್ಡಿ ಬರೆದಿದ್ದಾಳೆ. ಮೂರರಲ್ಲಿ ಒಂದು ಪಾಲು ಕೊಯ್ದು ಉಳಿದದ್ದನ್ನು ಎಲ್ಲಿಡುವುದು? ಒಮ್ಮೆ ಅವಳು ಹೆಚ್ಚಿದ್ದನ್ನು ಅಳೆದೆ, ಎರಡು ಬಟ್ಟಲು ಬಂತು. ನೋಟ್‌ಬುಕ್ಕಿನಲ್ಲಿ ಅದನ್ನೇ ಪಕ್ಕಕ್ಕೆ ಬರೆದುಕೊಂಡೆ. ಈಗ ಸಂತೆಯಲ್ಲಿ ಸಣ್ಣ ಗಡ್ಡಿ ಆರಿಸಿ ತರುತ್ತೇನೆ, ಹೆಚ್ಚಿ ಎರಡು ಸಣ್ಣ ಬಟ್ಟಲು ಹಾಕುತ್ತೇನೆ. ರೊಟ್ಟಿಗೆ ಈ ತಾಪತ್ರಯವೇ ಇಲ್ಲ ನೋಡಿ, ಒಂದು ಉಂಡಿಗೆ ಒಂದು ರೊಟ್ಟಿ.

ಹೋದ ತಿಂಗಳು ಅವ್ವ ರೂಮಿಗೆ ಬಂದಿದ್ದಳು. ಗೀರು ಹಾಕಿದ ಬಟ್ಟಲು ನೋಡಿ, "ಗುಬ್ಬಿ ಸಂಸಾರ ಮಾಡಿ ಬಿಡಪಾ" ಎಂದು ನಕ್ಕಳು. ಅವತ್ತು ಇಬ್ಬರಿಗೆ ಪುಂಡಿಪಲ್ಯ ಮಾಡಿದೆ. ಬೇಳೆ ಎರಡು ಸಣ್ಣ ಬಟ್ಟಲು, ನುಚ್ಚು ಒಂದು, ನೀರು ಹತ್ತು, ಮೆಣಸಿನಕಾಯಿ ನಾಲ್ಕು. ಕುಕ್ಕರಿನ ತಳಕ್ಕೆ ಮಾತ್ರ ಅದೇ ಎರಡು ಲೋಟ.

ನಮಸ್ಕಾರ.