ಒಗ್ಗರಣೆ ಮಂಡಕ್ಕಿಯ ವಿಡಿಯೋ: ಎಲ್ಲಿ ಓಡಿಸಬೇಕು, ಎಲ್ಲಿ ನಿಲ್ಲಬೇಕು

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಅಡುಗೆ ವಿಡಿಯೋ ಎಡಿಟಿಂಗ್ ಬಗ್ಗೆ. ಫೋನನ್ನು ಒಲೆಯ ನೆತ್ತಿಯ ಮೇಲೆ ಸ್ಟ್ಯಾಂಡಿಗೆ ಸಿಕ್ಕಿಸಿ, ಮುಖ ತೋರಿಸದೆ, ಬರೀ ಕೈ ಮತ್ತು ಬಾಣಲೆ ಕಾಣುವ ಹಾಗೆ ಮಾಡುತ್ತಾರಲ್ಲ, ಆ ಥರದ ವಿಡಿಯೋ. ದಾವಣಗೆರೆಯಲ್ಲಿ ಕೂತು ಮಾತಾಡುತ್ತಿದ್ದೇನೆ, ಹಾಗಾಗಿ ಉದಾಹರಣೆಗೆ ಬೇರೆ ಕಡೆ ಹೋಗುವುದು ಬೇಡ. ನಮ್ಮ ಒಗ್ಗರಣೆ ಮಂಡಕ್ಕಿಯನ್ನೇ ತಗೊಳ್ಳೋಣ.

ನಮ್ಮ ಪಕ್ಕದ ಮನೆಯ ಅಕ್ಕ ಅದನ್ನು ಮಾಡಿದಾಗ ರೆಕಾರ್ಡ್ ಆಗಿದ್ದು 18 ನಿಮಿಷ. ಬೇಕಾಗಿದ್ದು ಒಂದು ನಿಮಿಷದ ಒಳಗಿನ ವಿಡಿಯೋ. ಸುಮ್ನೆ ಪೂರ್ತಿ ವಿಡಿಯೋವನ್ನು 20 ಪಟ್ಟು ಓಡಿಸಿದರೆ ಒಂದು ನಿಮಿಷದೊಳಗೆ ಮುಗಿಯುತ್ತದೆ, ಲೆಕ್ಕ ಸರಿ. ಆದರೆ ಕೈ ಎಲ್ಲಿತ್ತು, ಬಾಣಲೆಗೆ ಏನು ಬಿತ್ತು, ಒಂದೂ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಮೊದಲು ಕೂತು ಪೂರ್ತಿ ನೋಡುತ್ತೇನೆ, ನೋಡುತ್ತಾ ಒಂದೊಂದು ತುಣುಕಿಗೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಮನೆಯಲ್ಲಿ ಇದನ್ನು ನೋಡಿಕೊಂಡು ಮಾಡುವವರು ಇಲ್ಲಿ ಎಡವಬಹುದಾ? ಎಡವುವ ಜಾಗ ಮಾಮೂಲಿ ವೇಗದಲ್ಲೇ ಇರಬೇಕು. ಒಂದೇ ಕೆಲಸ ಮತ್ತೆ ಮತ್ತೆ ನಡೆಯುವ ಜಾಗವನ್ನು ಓಡಿಸಬೇಕು. ಏನೂ ನಡೆಯದೆ ಸುಮ್ಮನೆ ಕಾಯುವ ಜಾಗವನ್ನು ಓಡಿಸಲೂ ಬಾರದು, ಕತ್ತರಿಸಿಯೇ ಬಿಡಬೇಕು.

ಈರುಳ್ಳಿ ಹೆಚ್ಚುವುದನ್ನೇ ನೋಡಿ. ಅಕ್ಕ ಎರಡು ಈರುಳ್ಳಿ, ನಾಲ್ಕು ಹಸಿಮೆಣಸಿನಕಾಯಿ ಹೆಚ್ಚಲು ನಾಲ್ಕು ನಿಮಿಷ ತಗೊಂಡಿದ್ದರು. ಒಂದು ಈರುಳ್ಳಿ ಹೆಚ್ಚುವ 32 ಸೆಕೆಂಡು ಇಟ್ಟುಕೊಂಡು, ಅದನ್ನು ನಾಲ್ಕು ಪಟ್ಟು ಓಡಿಸಿದೆ. 8 ಸೆಕೆಂಡಿಗೆ ಬಂತು. ಎರಡನೆಯ ಈರುಳ್ಳಿಯನ್ನು ಯಾರೂ ಕೇಳುವುದಿಲ್ಲ. ಕೈ ಕೆಲಸಕ್ಕೆ ನಾಲ್ಕು ಪಟ್ಟು ಹೊಂದುತ್ತದೆ, ಎಂಟು ಪಟ್ಟು ಮಾಡಿದರೆ ಚಾಕು ಎಲ್ಲಿದೆ ಅಂತ ಕಣ್ಣಿಗೆ ಸಿಗುವುದೇ ಇಲ್ಲ.

ಈರುಳ್ಳಿ ಬಾಡಿಸುವ ಭಾಗ ಹಾಗಲ್ಲ. ಅದು ಐದು ನಿಮಿಷ ಇತ್ತು. ಎಂಟು ಪಟ್ಟು ಓಡಿಸಿದರೂ ಇನ್ನೂ 37 ಸೆಕೆಂಡು ಉಳಿಯುತ್ತದೆ, ಆ ಹೊತ್ತಿಗೆ ನೋಡುವವರು ಮುಂದಿನ ವಿಡಿಯೋಗೆ ಹೋಗಿರುತ್ತಾರೆ. ಇಲ್ಲಿ ಬೇಕಾಗಿರುವುದು ಸಮಯ ಅಲ್ಲ, ಬಣ್ಣ. ಹಸಿ ಈರುಳ್ಳಿ ಬಿದ್ದ ಕ್ಷಣ, ಅದು ಮೆತ್ತಗಾಗಿ ಗಾಜಿನಂತೆ ಆದ ಕ್ಷಣ, ಅಂಚು ಸ್ವಲ್ಪ ಕೆಂಪಾದ ಕ್ಷಣ, ಇಷ್ಟು ಮೂರು. ಒಂದೊಂದಕ್ಕೆ 2 ಸೆಕೆಂಡು, ಮಾಮೂಲಿ ವೇಗದಲ್ಲಿ, ಒಂದರ ಹಿಂದೆ ಒಂದು. ಕ್ಯಾಮೆರಾ ಕದಲದೆ ಇದ್ದರೆ ಬಾಣಲೆ ಒಂದೇ ಜಾಗದಲ್ಲಿ ಇರುತ್ತದೆ, ಬಣ್ಣ ಮಾತ್ರ ಬದಲಾಗುತ್ತದೆ. ಐದು ನಿಮಿಷದ ಕೆಲಸ 6 ಸೆಕೆಂಡಿನಲ್ಲಿ ಸ್ಪಷ್ಟವಾಗಿ ಅರ್ಥ ಆಗುತ್ತದೆ. ಮೇಲಿಂದ ಹಿಡಿಯುವುದರ ದೊಡ್ಡ ಲಾಭವೇ ಇದು. ಅದಕ್ಕೇ ರೆಕಾರ್ಡಿಂಗ್ ಶುರುವಾದ ಮೇಲೆ ಸ್ಟ್ಯಾಂಡನ್ನು ಮುಟ್ಟಬೇಡಿ, ಬಾಣಲೆಯನ್ನೂ ಸರಿಸಬೇಡಿ.

ಇನ್ನು ಮಂಡಕ್ಕಿ ನೆನೆಸುವ ಭಾಗ. ಇದನ್ನು ಮಾತ್ರ ಓಡಿಸಲೇಬೇಡಿ! ಮಂಡಕ್ಕಿ ನೀರಿಗೆ ಬಿದ್ದು, ಕೈಯಿಂದ ಒಂದೆರಡು ಸಲ ಒತ್ತಿ, ಬೊಗಸೆಯಲ್ಲಿ ತೆಗೆದು, ನೀರು ಹಿಂಡಿ ಬಾಣಲೆಗೆ ಹಾಕುವವರೆಗೆ 12 ಸೆಕೆಂಡು ಇತ್ತು. ಪೂರ್ತಿ ಹಾಗೇ ಬಿಟ್ಟೆ. ಯಾಕೆಂದರೆ ಈ ತಿಂಡಿ ಕೆಡುವುದು ಇಲ್ಲೇ. ಸ್ವಲ್ಪ ಜಾಸ್ತಿ ಹೊತ್ತು ನೀರಲ್ಲಿ ಬಿಟ್ಟರೆ ಮುದ್ದೆ ಆಗುತ್ತದೆ, ಕಡಿಮೆ ಆದರೆ ಬಾಯಲ್ಲಿ ಒಣಒಣ. ನಮ್ಮ ಊರಿನವರಿಗೆ ಕೈಗೇ ಗೊತ್ತು. ಹೊರಗಿನವರು ಕಲಿಯುವುದು ಆ 12 ಸೆಕೆಂಡು ನೋಡಿಯೇ. ಅದನ್ನು ನಾಲ್ಕು ಪಟ್ಟು ಓಡಿಸಿದರೆ 3 ಸೆಕೆಂಡಿನ ತಪ್ಪು ಪಾಠ ಆಗುತ್ತದೆ.

ಓಡಿಸಿದ ಭಾಗದ ಸದ್ದು ಚಿಂವ್ ಚಿಂವ್ ಅಂತ ಕೀರಲಾಗುತ್ತದೆ, ಅದನ್ನು ಮ್ಯೂಟ್ ಮಾಡಿ. ಸಾಸಿವೆ ಚಟಪಟ ಅನ್ನುವ ಸದ್ದು, ಹಸಿಮೆಣಸು ಎಣ್ಣೆಗೆ ಬಿದ್ದ ಸದ್ದು, ಇವೆರಡನ್ನು ಮಾತ್ರ ಉಳಿಸಿಕೊಳ್ಳಿ. ಹಿಂದೆ ಹಾಡು ಹಾಕಿದ್ದರೆ ಅಲ್ಲಿ ಅದರ ದನಿ ತಗ್ಗಿಸಿ.

ಓಡಿಸಿದಾಗ ಇನ್ನೊಂದು ತೊಂದರೆ ಎದ್ದು ಕಾಣುತ್ತದೆ, ಅದು ಮಿಣುಕು. ನಮ್ಮ ಮನೆಯ ಕರೆಂಟು 50 ಹರ್ಟ್ಜ್, ಅಂದರೆ ಎಷ್ಟೋ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಫೋನು ಸೆಕೆಂಡಿಗೆ 30 ಚಿತ್ರ ಹಿಡಿಯುತ್ತದೆ. ಎರಡೂ ತಾಳೆ ಆಗದೆ, ಬಿಳಿ ಮಂಡಕ್ಕಿಯ ಮೇಲೆ ಮಸುಕು ಪಟ್ಟೆಗಳು ತೆವಳುತ್ತವೆ. ಮಾಮೂಲಿ ವೇಗದಲ್ಲಿ ಕಣ್ಣಿಗೆ ಬೀಳದೆ ಇರಬಹುದು, ಓಡಿಸಿದರೆ ಪರದೆಯೇ ಮಿಣಮಿಣ ಅನ್ನುತ್ತದೆ, ಎಡಿಟಿಂಗ್‌ನಲ್ಲಿ ಅದನ್ನು ಪೂರ್ತಿ ಅಳಿಸುವುದು ಕಷ್ಟ. ಫೋನಿನಲ್ಲಿ ಪ್ರೊ ಮೋಡ್ ಇದ್ದರೆ ಶಟರ್ 1/50 ಅಥವಾ 1/100ಕ್ಕೆ ಇಡಿ. ಇಲ್ಲದಿದ್ದರೆ ಲೈಟು ಆರಿಸಿ, ಕಿಟಕಿ ಬೆಳಕಿನಲ್ಲಿ ಹಗಲು ಹೊತ್ತು ಮಾಡಿ. ಜೊತೆಗೆ ಪರದೆಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕು ಎರಡನ್ನೂ ಲಾಕ್ ಮಾಡಿ. ಲಾಕ್ ಮಾಡದಿದ್ದರೆ ಕೈ ಒಳಗೆ ಬಂದಾಗೆಲ್ಲ ಚಿತ್ರ ಒಮ್ಮೆ ಕಪ್ಪಾಗಿ ಒಮ್ಮೆ ಬೆಳ್ಳಗಾಗುತ್ತದೆ.

ಈಗ ಅಕ್ಷರದ ವಿಷಯಕ್ಕೆ ಬರೋಣ. ಎಷ್ಟು ಸಾಮಾನು, ಎಷ್ಟು ಅಳತೆ ಅಂತ ಪರದೆಯ ಮೇಲೆ ಬರೆಯುವುದು. ಕ್ರಮ ಬಹಳ ಮುಖ್ಯ: ಮೊದಲು ಕತ್ತರಿಸುವುದು, ಆಮೇಲೆ ವೇಗ, ಅದೆಲ್ಲ ಗಟ್ಟಿಯಾದ ಮೇಲೆ ಅಕ್ಷರ. ಮೊದಲೇ ಅಕ್ಷರ ಹಾಕಿ ಆಮೇಲೆ ವೇಗ ಬದಲಾಯಿಸಿದರೆ, ಕೆಳಗಿನ ತುಣುಕು ಚಿಕ್ಕದಾಗಿ ಅಕ್ಷರ ಜಾಗ ತಪ್ಪುತ್ತದೆ, ಶೇಂಗಾ ಬೀಳುವಾಗ ಕರಿಬೇವಿನ ಹೆಸರು ಬರುತ್ತದೆ.

ಒಗ್ಗರಣೆಯಲ್ಲಿ ಒಂದು ಇಕ್ಕಟ್ಟಿದೆ. ಎಣ್ಣೆ, ಸಾಸಿವೆ, ಶೇಂಗಾ, ಹಸಿಮೆಣಸು, ಕರಿಬೇವು, ಎಲ್ಲ ಒಂದು ನಿಮಿಷದೊಳಗೆ ಸಾಲಾಗಿ ಬೀಳುತ್ತವೆ. ಒಂದು ಸಲ ತೋರಿಸಿದ ಹೆಸರು, ಅಳತೆ ಓದಲು ಕಡಿಮೆ ಅಂದರೂ 2 ಸೆಕೆಂಡು ಬೇಕು. ನಾಲ್ಕು ಪಟ್ಟು ಓಡಿಸಿದ ತುಣುಕಿನಲ್ಲಿ ಅಷ್ಟು ಜಾಗ ಎಲ್ಲಿದೆ? ಅದಕ್ಕೆ ಆ ತುಣುಕನ್ನೇ ಚೂರು ಮಾಡಬೇಕು. ಸಾಮಾನು ಬೀಳುವ ಕ್ಷಣ ಮಾಮೂಲಿ ವೇಗ, ನಡುವೆ ಹುರಿಯುವುದೆಲ್ಲ ಜೋರು ವೇಗ. ಎಣ್ಣೆ ಮತ್ತು ಸಾಸಿವೆಗೆ ಒಟ್ಟಿಗೆ 3 ಸೆಕೆಂಡು, ಶೇಂಗಾ ಬೀಳಲು 2, ಶೇಂಗಾ ಹುರಿಯುವ 20 ಸೆಕೆಂಡನ್ನು ಹತ್ತು ಪಟ್ಟು ಓಡಿಸಿ 2, ಮೆಣಸು ಕರಿಬೇವಿಗೆ 2. ಒಟ್ಟು 9 ಸೆಕೆಂಡು. ಅಕ್ಷರವನ್ನು ಸಾಮಾನು ಬೀಳುವುದಕ್ಕಿಂತ ಅರ್ಧ ಸೆಕೆಂಡು ಮೊದಲೇ ತರಿಸಿ. ಹೆಸರು ಓದಿ, ತಕ್ಷಣ ಅದೇ ಸಾಮಾನು ಬಿದ್ದಾಗ ಕಣ್ಣಿಗೆ ಹಿತ.

ಬರೆಯುವಾಗ ‘ಶೇಂಗಾ, 2 ಚಮಚ’, ‘ಪುಟಾಣಿ ಪುಡಿ, 3 ಚಮಚ’, ಇಷ್ಟೇ ಸಾಕು. ‘ಹಾಕಿರಿ’, ‘ಸೇರಿಸಿರಿ’ ಅಂತ ಬೇಕಿಲ್ಲ, ಕೈಯೇ ಅದನ್ನು ತೋರಿಸುತ್ತಿದೆ ಅಲ್ವಾ?

ಕನ್ನಡ ಅಕ್ಷರಕ್ಕೆ ಒಂದು ವಿಶೇಷ ಎಚ್ಚರ ಬೇಕು. ‘ಕೊತ್ತಂಬರಿ ಸೊಪ್ಪು’ ಅಂತ ಬರೆದು ಹಿಂದೆ ಒಂದು ಬಣ್ಣದ ಪಟ್ಟಿ ಕೊಟ್ಟರೆ, ಕೆಲವು ಆ್ಯಪ್‌ಗಳಲ್ಲಿ ತಕಾರದ ಒತ್ತು, ಪಕಾರದ ಒತ್ತು ಪಟ್ಟಿಯಿಂದ ಕೆಳಗೆ ಜಾರಿ ಅರ್ಧ ಕತ್ತರಿಸಿ ಹೋಗುತ್ತವೆ. ಪಟ್ಟಿಯ ಕೆಳಗೆ ಜಾಗ ಜಾಸ್ತಿ ಬಿಡಿ, ಎರಡು ಸಾಲು ಇದ್ದರೆ ಸಾಲಿನ ಅಂತರವನ್ನೂ ಹೆಚ್ಚಿಸಿ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಥರದ ಫಾಂಟುಗಳು ಉಚಿತವಾಗಿ ಸಿಗುತ್ತವೆ, ದಪ್ಪ ಅಕ್ಷರದಲ್ಲಿ ಚೆನ್ನಾಗಿ ಕಾಣುತ್ತವೆ. ಒತ್ತಕ್ಷರ ಬಿಡಿಬಿಡಿಯಾಗಿ ಪಕ್ಕಕ್ಕೆ ಬಂದು ಕೂತರೆ ಆ ಆ್ಯಪ್‌ಗೆ ಕನ್ನಡ ಸರಿಯಾಗಿ ಬರುತ್ತಿಲ್ಲ ಅಂತ ಅರ್ಥ, ಬೇರೆ ಆ್ಯಪ್ ನೋಡಿ.

ಅಕ್ಷರ ಎಲ್ಲಿ ಇಡಬೇಕು ಅನ್ನುವುದನ್ನು ರೆಕಾರ್ಡ್ ಮಾಡುವಾಗಲೇ ಯೋಚಿಸಬೇಕು. ಫೋನನ್ನು ನೆಟ್ಟಗೆ ಹಿಡಿದು ನೋಡುವ ವಿಡಿಯೋದಲ್ಲಿ ತಳಭಾಗ ಮತ್ತು ಬಲಗಡೆ ಅಂಚನ್ನು ಲೈಕು, ಶೇರು ಗುಂಡಿಗಳು ತಿಂದುಬಿಡುತ್ತವೆ. ಹಾಗಾಗಿ ಬಾಣಲೆಯನ್ನು ನಟ್ಟನಡುವೆ ಇಡದೆ ಸ್ವಲ್ಪ ಕೆಳಗೆ ಬರುವ ಹಾಗೆ ಫೋನು ಹೊಂದಿಸಿ, ಮೇಲೆ ಖಾಲಿ ಕಟ್ಟೆ ಕಾಣಲಿ. ಅಕ್ಷರ ಎಲ್ಲ ಅಲ್ಲೇ, ಶುರುವಿನಿಂದ ಕೊನೆವರೆಗೂ ಅದೇ ಜಾಗದಲ್ಲಿ. ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಕುಣಿಸಿದರೆ ಕಣ್ಣು ಅಡುಗೆ ಬಿಟ್ಟು ಅಕ್ಷರ ಹುಡುಕುತ್ತದೆ.

ಮಂಡಕ್ಕಿ ಕಲಸುವುದು ಎರಡು ನಿಮಿಷ ಇತ್ತು. ಅರಿಸಿನದ ಹಳದಿ ಬಿಳಿ ಮಂಡಕ್ಕಿಗೆ ಹತ್ತಲು ಶುರುವಾಗುವ 3 ಸೆಕೆಂಡು ಹಾಗೇ ಬಿಟ್ಟೆ, ಪುಟಾಣಿ ಪುಡಿ ಬೀಳುವುದು ಅದರಲ್ಲೇ ಬರುತ್ತದೆ. ಮುಂದಿನ 28 ಸೆಕೆಂಡನ್ನು ನಾಲ್ಕು ಪಟ್ಟು ಓಡಿಸಿ 7 ಮಾಡಿದೆ.

ಕೊನೆಯ ಶಾಟ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ವಿಡಿಯೋದಲ್ಲಿ ಜನ ಅವಸರ ಮಾಡುವುದು ಇಲ್ಲೇ. ಗ್ಯಾಸ್ ಆರಿಸಿ, ಬಾಣಲೆಯಲ್ಲೇ ತೋರಿಸಿ ಮುಗಿಸಿಬಿಡುತ್ತಾರೆ. ಬೇಡ. ತಟ್ಟೆಗೆ ಹಾಕಿ, ಅಂಚಿಗೆ ಹತ್ತಿದ ಅರಿಸಿನವನ್ನು ಬಟ್ಟೆಯಿಂದ ಒರೆಸಿ, ಪಕ್ಕದಲ್ಲಿ ಎರಡು ಮಿರ್ಚಿ ಇಡಿ. ಸ್ಟೀಲ್ ತಟ್ಟೆ ಬೇಡ, ಮೇಲಿಂದ ಹಿಡಿದರೆ ಅದರಲ್ಲಿ ಕಪ್ಪು ಫೋನು ಮತ್ತು ಟ್ಯೂಬ್‌ಲೈಟು ಎರಡೂ ಕಾಣುತ್ತವೆ. ಬಾಳೆ ಎಲೆ ತುಂಡು ಅಥವಾ ಪಿಂಗಾಣಿ ತಟ್ಟೆ ಒಳ್ಳೆಯದು, ಹಸಿರು ಎಲೆಯ ಮೇಲೆ ಹಳದಿ ಮಂಡಕ್ಕಿ ಚೆನ್ನಾಗಿ ಎದ್ದು ಕಾಣುತ್ತದೆ.

ಬೆಳಕು ಪಕ್ಕದಿಂದ ಬರಲಿ. ಮೇಲಿಂದ ಹಿಡಿದಾಗ ಮಂಡಕ್ಕಿಯ ರಾಶಿ ಚಪ್ಪಟೆ ಕಾಣುತ್ತದೆ, ಎತ್ತರ ಗೊತ್ತಾಗುವುದು ನೆರಳಿನಿಂದ ಮಾತ್ರ. ಕಿಟಕಿ ಒಂದು ಪಕ್ಕದಲ್ಲಿದ್ದರೆ ಒಂದೊಂದು ಕಾಳಿನ ಕೆಳಗೂ ಸಣ್ಣ ನೆರಳು ಬೀಳುತ್ತದೆ, ಶೇಂಗಾ ಎದ್ದು ನಿಲ್ಲುತ್ತದೆ. ರೆಕಾರ್ಡ್ ಮಾಡುವ ಮುಂಚೆ ಲೆನ್ಸನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಅಷ್ಟು ಹೊತ್ತು ಒಲೆಯ ಮೇಲಿದ್ದ ಫೋನಿಗೆ ಎಣ್ಣೆ ಹಬೆ ಹತ್ತಿರುತ್ತದೆ, ಅಡುಗೆಯ ಭಾಗದಲ್ಲಿ ನಡೆದೀತು, ಕೊನೆಯ ಶಾಟ್ ಮಂಜು ಕವಿದ ಹಾಗೆ ಬರಬಾರದು.

ತಟ್ಟೆಯನ್ನು 10 ಸೆಕೆಂಡಾದರೂ ರೆಕಾರ್ಡ್ ಮಾಡಿ, ಅದರಲ್ಲಿ ಚೆನ್ನಾಗಿರುವ 5 ಸೆಕೆಂಡು ಇಟ್ಟುಕೊಳ್ಳಿ. ಆ 5 ಸೆಕೆಂಡು ಓಡಿಸಬೇಡಿ, ಅಕ್ಷರ ಬೇಡ, ಫಿಲ್ಟರ್ ಬೇಡ. ಫಿಲ್ಟರ್ ಹಾಕಿದರೆ ಅರಿಸಿನದ ಹಳದಿ ಕಿತ್ತಳೆಯಾಗಿ, ನೋಡುವವರಿಗೆ ಕೇಸರಿಬಾತ್ ಅನಿಸುತ್ತದೆ. ಕೊತ್ತಂಬರಿ ಸೊಪ್ಪನ್ನು ಮಾತ್ರ ಕ್ಯಾಮೆರಾ ಓಡುತ್ತಿರುವಾಗಲೇ ಉದುರಿಸಿ, ಮೊದಲೇ ಉದುರಿಸಿದರೆ ಬಿಸಿಗೆ ಬಾಡಿ ಕಪ್ಪಾಗುತ್ತದೆ. ಅದೇ ಶಾಟ್‌ನಿಂದ 2 ಸೆಕೆಂಡು ಕತ್ತರಿಸಿ ವಿಡಿಯೋದ ಶುರುವಿನಲ್ಲೂ ಇಟ್ಟೆ. ಏನು ಅಡುಗೆ ಅಂತ ಮೊದಲೇ ತಿಳಿದರೆ ಜನ ನಿಂತು ನೋಡುತ್ತಾರೆ.

ಎಲ್ಲ ಕೂಡಿಸಿದರೆ 50 ಸೆಕೆಂಡು ಚಿಲ್ಲರೆ ಆಯಿತು. ಎಕ್ಸ್‌ಪೋರ್ಟ್ ಮಾಡಿದ ಮೇಲೆ ಸದ್ದು ಪೂರ್ತಿ ಆರಿಸಿ ಅಕ್ಕನ ಅತ್ತೆಯ ಹಳೆಯ ಚಿಕ್ಕ ಫೋನಿನಲ್ಲಿ ಹಾಕಿದೆವು. ಅವರು ಕನ್ನಡಕ ಹಾಕಿಕೊಂಡು ನೋಡಿ, ‘ಪುಟಾಣಿ ಪುಡಿ ಎಷ್ಟಂತ ಬಂತು, ನಿಂಬೆಹಣ್ಣು ಎಷ್ಟು ಅಂತ ಬರಲೇ ಇಲ್ಲವಲ್ಲ’ ಅಂದರು. ನಿಜ, ನಿಂಬೆರಸ ಹಿಂಡುವುದು ಓಡಿಸಿದ 7 ಸೆಕೆಂಡಿನ ಒಳಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿ, 2 ಸೆಕೆಂಡು ಮಾಮೂಲಿ ವೇಗಕ್ಕೆ ತಂದು, ‘ನಿಂಬೆಹಣ್ಣು, ಅರ್ಧ’ ಅಂತ ಮೇಲೆ ಬರೆದು, ಮತ್ತೆ ಎಕ್ಸ್‌ಪೋರ್ಟ್ ಮಾಡಿದೆವು. ನಮಸ್ಕಾರ.