ನನ್ನ ವಾರ ಶುರುವಾಗುವುದು ಭಾನುವಾರ ಸಂಜೆ

ಭಾನುವಾರ ಸಂಜೆ ಆರೂವರೆ. ಕೊನೆಯ ಸೈಟ್ ವಿಸಿಟ್ ಮುಗಿಸಿ ಕಾರಿನಲ್ಲಿ ಕೂತಿದ್ದೇನೆ. ಗಾಡಿ ಇನ್ನೂ ಸ್ಟಾರ್ಟ್ ಮಾಡಿಲ್ಲ, ತೊಡೆಯ ಮೇಲೆ ಈ ನೋಟ್‌ಬುಕ್ ಇದೆ. ಮನೆ ಮಾರಾಟ ಮಾಡಿಸುವ ಏಜೆಂಟ್ ನಾನು. ನನ್ನ ವಾರ ಶುರುವಾಗುವುದೇ ಇಲ್ಲಿಂದ.

ಪ್ರತಿ ಮನೆ ತೋರಿಸಿದ ಮೇಲೂ ಐದು ನಿಮಿಷ ಹೀಗೆ ಕೂತು ಬರೆಯುತ್ತೇನೆ. ಬಂದವರು ಎಲ್ಲಿ ಜಾಸ್ತಿ ಹೊತ್ತು ನಿಂತರು, ಏನು ಕೇಳಿದರು, ಅವರ ಮಾತಲ್ಲೇ. ಸುಮ್ನೆ 'ಇಷ್ಟ ಆಯ್ತು' ಅಂತ ಬರೆದರೆ ಬುಧವಾರದ ಹೊತ್ತಿಗೆ ಯಾವ ಮನೆ, ಏನು ಇಷ್ಟ ಆಯ್ತು ಅನ್ನೋದೇ ಮರೆತುಹೋಗುತ್ತದೆ. ಇವತ್ತು ಮೂರನೇ ಮನೆ ನೋಡಿದ ದಂಪತಿಯ ಪುಟ ನೋಡಿ: 'ಅಮ್ಮನಿಗೆ ಮಂಡಿನೋವು. ಮಲಗುವ ಕೋಣೆ ಎಲ್ಲಾ ಮೇಲೇನೇ ಇದೆಯಲ್ಲ?' ಹೋಗುವಾಗ ಅವರು ಹೇಳಿದ್ದು 'ಯೋಚನೆ ಮಾಡಿ ಹೇಳ್ತೀವಿ' ಅಂತ. ಆದರೆ ಅವರು ಯೋಚಿಸುತ್ತಿರುವುದು ಬೆಲೆಯ ಬಗ್ಗೆ ಅಲ್ಲ, ಮೆಟ್ಟಿಲಿನ ಬಗ್ಗೆ.

ಮೊದಲು ನಾನು ಶನಿವಾರ, ಭಾನುವಾರ ಒಂದರ ಹಿಂದೆ ಒಂದು ಏಳೆಂಟು ವಿಸಿಟ್ ಇಟ್ಟುಕೊಳ್ಳುತ್ತಿದ್ದೆ. ನಡುವೆ ಉಸಿರಾಡೋಕೂ ಬಿಡುವಿಲ್ಲ. ಬುಧವಾರ ಫೋನ್ ಮಾಡುವಷ್ಟರಲ್ಲಿ 'ಬೇರೆ ಕಡೆ ಅಡ್ವಾನ್ಸ್ ಕೊಟ್ಟಾಯ್ತು' ಅನ್ನೋರು. ಈಗ ದಿನಕ್ಕೆ ನಾಲ್ಕೇ. ಎರಡು ವಿಸಿಟ್ ನಡುವೆ, ಓಡಾಟದ ಸಮಯ ಬಿಟ್ಟು, ಇಪ್ಪತ್ತು ನಿಮಿಷ ಖಾಲಿ.

ಸೋಮವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು, ಬರೀ ಕರೆಗಳು. ಮೊದಲ ಕರೆ ಕೊಳ್ಳುವವರಿಗೆ ಅಲ್ಲ, ಮನೆ ಮಾಲೀಕರಿಗೆ. ಇದರ ಕ್ರಮ ಮುಖ್ಯ. ಕೊಳ್ಳುವವರಿಗೆ ಫೋನ್ ಮಾಡಿ 'ಏನು ಡಿಸೈಡ್ ಮಾಡಿದ್ರಿ ಸರ್' ಅಂತ ಕೇಳಿದರೆ ಅದು ಪೀಡಿಸಿದ ಹಾಗೆ. ಅವರ ಪ್ರಶ್ನೆಗೆ ಒಂದು ಉತ್ತರ ಹಿಡಿದು ಫೋನ್ ಮಾಡಿದರೆ ಅವರೇ ಮಾತು ಬೆಳೆಸುತ್ತಾರೆ. ಮಾಲೀಕರನ್ನು ಕೇಳಿದೆ. ಕೆಳಗೆ ಹಳೆ ಸಾಮಾನು ತುಂಬಿದ ಒಂದು ಕೋಣೆ ಇದೆಯಂತೆ, ಪಕ್ಕದಲ್ಲೇ ಬಾತ್‌ರೂಮ್. ನಿನ್ನೆ ಆ ಬಾಗಿಲು ನಾವು ತೆಗೆದೇ ಇರಲಿಲ್ಲ. ಮಧ್ಯಾಹ್ನ ಟೇಪ್ ಹಿಡಿದು ಹೋದೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಒಂದು ಕಿಟಕಿ. ಮಂಚ ಹಾಕಿ ಓಡಾಡೋಕೆ ಜಾಗ ಉಳಿಯುತ್ತದೆ. ಫೋಟೋ, ಅಳತೆ ಎರಡನ್ನೂ ದಂಪತಿಗೆ ಕಳಿಸಿದೆ. ಸಂಜೆ ಅವರದೇ ಫೋನ್: 'ಶನಿವಾರ ಅಮ್ಮನ್ನ ಕರ್ಕೊಂಡು ಬರ್ತೀವಿ.'

ಮಂಗಳವಾರ ಬೆಳಿಗ್ಗೆ ಪೇಪರ್ ಕೆಲಸ. ಮೂರು ಗಂಟೆ ಫೋನ್ ಸೈಲೆಂಟ್. ಕರೆಗಳ ಮಧ್ಯೆ ದಾಖಲೆ ಓದಿದರೆ ಕಣ್ಣು ಓದುತ್ತದೆ, ತಲೆ ಓದುವುದಿಲ್ಲ. ಮಾತುಕತೆ ಮುಗಿದ ಮೇಲೆ ಕಾಗದ ನೋಡೋಣ ಅಂತ ತುಂಬಾ ಜನ ಬಿಡುತ್ತಾರೆ. ಎರಡನೇ ಸಲ ಮನೆ ನೋಡಲು ಬರುತ್ತಾರೆ ಅಂತಾದ ಕೂಡಲೇ ನಾನು ಫೈಲ್ ತೆಗೆಯುತ್ತೇನೆ. ಮೊದಲು ನೋಡುವುದು ಹೆಸರು. ಮಾರುತ್ತಿರುವವರ ಗುರುತಿನ ಚೀಟಿಯ ಹೆಸರೂ ಕ್ರಯಪತ್ರದ ಹೆಸರೂ ಒಂದೇನಾ? ಆಮೇಲೆ ಅಳತೆ, ಮನೆ ಮೇಲೆ ಸಾಲ ಬಾಕಿ ಇದೆಯಾ ಅನ್ನೋದು.

ದಂಪತಿ ನೋಡಿದ ಮನೆಯ ಫೈಲಲ್ಲಿ ತೊಡಕು ಹೆಸರಲ್ಲೇ ಸಿಕ್ಕಿತು. ಕ್ರಯಪತ್ರದಲ್ಲಿ ಇಬ್ಬರ ಹೆಸರಿದೆ, ಅಣ್ಣ ಮತ್ತು ತಂಗಿ. ಇಷ್ಟು ದಿನ ನನ್ನ ಜೊತೆ ಮಾತಾಡಿದ್ದು ಅಣ್ಣ ಮಾತ್ರ. ತಂಗಿ ದೂರದ ಊರಲ್ಲಿದ್ದಾರೆ. ಅವರ ಸಹಿ ಇಲ್ಲದೆ ಪೂರ್ತಿ ಮನೆ ಮಾರೋಕೆ ಆಗಲ್ಲ. ಒಂದೋ ಅವರು ನೋಂದಣಿಗೆ ಬರಬೇಕು, ಇಲ್ಲಾ ತಮ್ಮ ಪರವಾಗಿ ಸಹಿ ಹಾಕೋಕೆ ಒಬ್ಬರಿಗೆ ಅಧಿಕಾರಪತ್ರ ಕೊಡಬೇಕು. ಅದು ಸರಿಯಿದೆಯಾ ಅಂತ ವಕೀಲರು ನೋಡಬೇಕು. ಅವತ್ತೇ ತಂಗಿಗೆ ಫೋನ್ ಮಾಡಿದೆ. ಅವರಿಗೆ ಒಪ್ಪಿಗೆ ಇತ್ತು, ಆದರೆ ಬರೋಕೆ ಮೂರು ವಾರ ಬೇಕು. ಬುಧವಾರ ಆ ಮಾತನ್ನು ದಂಪತಿಗೂ ತಿಳಿಸಿದೆ. ಮುಚ್ಚಿಟ್ಟು ಕೊನೆಗೆ ಹೇಳಿದ್ದರೆ ಅವರ ಬ್ಯಾಂಕ್ ಸಾಲದ ದಿನಗಳೆಲ್ಲ ಏರುಪೇರಾಗುತ್ತಿತ್ತು.

ಬುಧವಾರ, ಗುರುವಾರ ಹೊಸ ಮನೆಗಳನ್ನು ನಾನೊಬ್ಬನೇ ಹೋಗಿ ನೋಡಿ ಬರುತ್ತೇನೆ. ಸಂಜೆ ಐದರಿಂದ ಏಳು ಫಾಲೋ-ಅಪ್. ಅದಕ್ಕೆ ಒಂದೇ ನಿಯಮ: ಮುಂದಿನ ಕರೆಯ ತಾರೀಖು ಬರೆಯದೆ ಯಾವ ಪುಟವನ್ನೂ ಮುಚ್ಚುವುದಿಲ್ಲ. 'ಆರು ತಿಂಗಳು ಬಿಟ್ಟು ನೋಡ್ತೀವಿ' ಅಂದವರಿಗೆ ವಾರವಾರ ಫೋನ್ ಮಾಡಲ್ಲ, ಐದನೇ ತಿಂಗಳ ಪುಟಕ್ಕೆ ಹೆಸರು ಹೋಗುತ್ತದೆ. 'ಬೇಡ' ಅಂದವರ ಹೆಸರಿಗೆ ಅಡ್ಡಗೆರೆ.

ಶುಕ್ರವಾರ ಮಾಲೀಕರ ದಿನ. ಯಾರೂ ಬಂದಿಲ್ಲದಿದ್ದರೂ ಫೋನ್ ಮಾಡುತ್ತೇನೆ. ಸುದ್ದಿಯೇ ಇಲ್ಲದಿದ್ದರೆ ಮಾಲೀಕರಿಗೆ ಎಷ್ಟು ಕಳವಳ ಆಗುತ್ತದೆ ಅಂತ ನನಗೆ ಗೊತ್ತು. ಹಾಗೇ ನಾಳೆಯ ಕೀ ಯಾರ ಹತ್ತಿರ ಇದೆ ಅಂತ ಖಚಿತ ಮಾಡಿಕೊಳ್ಳುತ್ತೇನೆ. ಕೆಳಗಿನ ಕೋಣೆಯ ಸಾಮಾನು ತೆಗೆಸಿ, ಕಿಟಕಿ ಒರೆಸಿಡಿ ಅಂತ ಅಣ್ಣನಿಗೆ ಹೇಳಿದೆ.

ಇದು ಶನಿವಾರ ಸಂಜೆ ನಾಲ್ಕು. ಅಮ್ಮ ಆ ಕೋಣೆಯೊಳಗೆ ನಿಧಾನವಾಗಿ ನಡೆದು ಹೋಗಿ, ಕಿಟಕಿ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಎದ್ದು ಬಾತ್‌ರೂಮ್‌ವರೆಗೆ ಹೋಗಿ ಬಂದರು. ಹೊಸ್ತಿಲು ಸ್ವಲ್ಪ ಎತ್ತರ ಅಂದರು. ನೋಟ್‌ಬುಕ್‌ನಲ್ಲಿ ಬರೆದುಕೊಂಡೆ: 'ಹೊಸ್ತಿಲು ತಗ್ಗಿಸಬಹುದಾ? ಮೇಸ್ತ್ರಿಯನ್ನು ಕೇಳಬೇಕು. ಸೋಮವಾರ, ಹತ್ತು ಗಂಟೆ.'