ಸಂಬಳಕ್ಕಿಂತ ಮೊದಲೇ ಸಾಲ: ವಿದೇಶದ ಕೆಲಸ ಮತ್ತು ಏಜೆಂಟರ ಫೀಸು

ಗೆಳೆಯರೇ,

ವಿದೇಶದ ಕೆಲಸದ ಹೆಸರಿನಲ್ಲಿ ನಡೆಯುವ ಮೋಸದ ಮಾತು ಬಂದಾಗ ನಾವು ಎರಡು ಬಗೆಯ ಏಜೆಂಟರನ್ನು ನೆನೆಯುತ್ತೇವೆ. ಒಬ್ಬ ದುಡ್ಡು ತೆಗೆದುಕೊಂಡು ನಾಪತ್ತೆಯಾದವನು. ಅವನನ್ನು ಕಳ್ಳ ಎನ್ನುತ್ತೇವೆ. ಇನ್ನೊಬ್ಬ ದುಡ್ಡು ತೆಗೆದುಕೊಂಡು ಕೆಲಸವನ್ನೂ ಕೊಡಿಸಿದವನು. ಅವನ ಬಗ್ಗೆ "ಸ್ವಲ್ಪ ಜಾಸ್ತಿ ತೆಗೆದುಕೊಂಡ, ಆದರೆ ಕಳಿಸಿದನಲ್ಲ" ಎಂದು ಸುಮ್ಮನಾಗುತ್ತೇವೆ. ಇವತ್ತು ನಾನು ಮಾತಾಡಬೇಕೆಂದಿರುವುದು ಈ ಎರಡನೆಯವನ ಬಗ್ಗೆ. ಅವನಿಂದಾಗುವ ನಷ್ಟ ಲೆಕ್ಕ ಹಾಕಿದರೆ ಮಾತ್ರ ಕಣ್ಣಿಗೆ ಬೀಳುತ್ತದೆ.

ಒಬ್ಬ ಕಾರ್ಮಿಕನಿಗೆ ಎರಡು ವರ್ಷದ ಕೆಲಸ ಸಿಕ್ಕಿದೆ ಎಂದಿಟ್ಟುಕೊಳ್ಳಿ. ಹೇಳಿದ ಸಂಬಳ ತಿಂಗಳಿಗೆ 100. ಯಾವ ದೇಶದ ನಾಣ್ಯ ಬೇಕಾದರೂ ಆಗಲಿ, ಲೆಕ್ಕ ಒಂದೇ. ಏಜೆಂಟ್ ಕೇಳಿದ್ದು ಐದು ತಿಂಗಳ ಸಂಬಳ, ಅಂದರೆ 500. ಅಷ್ಟು ಹಣ ಕೈಯಲ್ಲಿಲ್ಲದೆ ನೂರಕ್ಕೆ ತಿಂಗಳಿಗೆ ಮೂರರ ಬಡ್ಡಿಯಲ್ಲಿ ಸಾಲ ತಂದ. ಅಲ್ಲಿ ಹೋದ ಮೇಲೆ ಊಟ-ವಸತಿಗೆ ಮತ್ತು ಮನೆಗೆ ಕಳಿಸುವುದಕ್ಕೆ 35 ಬೇಕು. ಉಳಿದ 65ನ್ನು ಸಾಲಕ್ಕೆ ಕಟ್ಟಿದರೆ ಒಂಬತ್ತು ತಿಂಗಳಲ್ಲಿ ಸಾಲ ತೀರುತ್ತದೆ. ಮಿಕ್ಕ ಹದಿನೈದು ತಿಂಗಳ ಉಳಿತಾಯ ಅವನದು. ಕಷ್ಟವಾದರೂ ಪರವಾಗಿಲ್ಲ ಎಂದುಕೊಂಡೇ ಅವನು ವಿಮಾನ ಹತ್ತುತ್ತಾನೆ.

ಇಳಿದ ಮೇಲೆ ಇನ್ನೊಂದು ಒಪ್ಪಂದಪತ್ರ ಮುಂದಿಡುತ್ತಾರೆ. ಸಂಬಳ 100 ಅಲ್ಲ, 70. ಸಹಿ ಹಾಕದಿದ್ದರೆ ವಾಪಸ್ ಹೋಗು ಎನ್ನುತ್ತಾರೆ. ವಾಪಸ್ ಹೋಗುವುದು ಹೇಗೆ, ಊರಲ್ಲಿ 500ರ ಸಾಲ ಕಾಯುತ್ತಿದೆ. ಸಹಿ ಹಾಕುತ್ತಾನೆ. ಖರ್ಚು ಅದೇ 35, ಸಾಲಕ್ಕೆ ಉಳಿಯುವುದು ಇನ್ನೊಂದು 35. ಮೊದಲ ತಿಂಗಳು ಅದರಲ್ಲಿ 15 ಬಡ್ಡಿಗೇ ಹೋಗುತ್ತದೆ. ಈಗ ಸಾಲ ತೀರುವುದಕ್ಕೆ ಹತ್ತೊಂಬತ್ತು ತಿಂಗಳು ಬೇಕು. ಉಳಿತಾಯಕ್ಕೆ ಸಿಗುವುದು ಕೊನೆಯ ಐದು ತಿಂಗಳು, ಸುಮಾರು 175. ಮೊದಲಿನ ಮಾತು ನಡೆದಿದ್ದರೆ ಸುಮಾರು 975 ಉಳಿಯುತ್ತಿತ್ತು. ಸಂಬಳದಲ್ಲಿ ಕಡಿತವಾದದ್ದು ನೂರಕ್ಕೆ ಮೂವತ್ತು, ಉಳಿತಾಯದಲ್ಲಿ ಕರಗಿದ್ದು ನೂರಕ್ಕೆ ಎಂಬತ್ತಕ್ಕೂ ಹೆಚ್ಚು.

ಇಲ್ಲಿ ಒಪ್ಪಂದ ಬದಲಾಯಿಸುವ ಧೈರ್ಯ ಮಾಲೀಕನಿಗೆ ಬಂದದ್ದು ಆ ಫೀಸಿನಿಂದ. ಸಾಲವಿಲ್ಲದೆ ಬಂದವನು 70 ಎಂದ ಕೂಡಲೇ ಎದ್ದು ಹೋಗಬಹುದು. ಸಾಲ ಮಾಡಿ ಬಂದವನು ಹೋಗಲಾರ ಎಂಬುದು ಮಾಲೀಕನಿಗೂ ಗೊತ್ತು, ಏಜೆಂಟನಿಗೂ ಗೊತ್ತು. ಕಾರ್ಮಿಕನಿಂದ ಶುಲ್ಕ ವಸೂಲಿ ಮಾಡಬಾರದು ಎಂಬ ನಿಯಮದ ಹಿಂದಿರುವ ಕಾರಣ ಇದು.

ಆ ನಿಯಮ ಸ್ಪಷ್ಟವಾಗಿ ಬರೆದಿರುವುದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆಯ ಏಳನೇ ವಿಧಿಯಲ್ಲಿ: ಖಾಸಗಿ ಉದ್ಯೋಗ ಏಜೆನ್ಸಿಗಳು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ, ಪೂರ್ತಿಯಾಗಲಿ ಭಾಗಶಃವಾಗಲಿ, ಕಾರ್ಮಿಕರಿಂದ ಶುಲ್ಕ ಅಥವಾ ವೆಚ್ಚ ವಸೂಲಿ ಮಾಡಬಾರದು. 'ಪರೋಕ್ಷವಾಗಿ' ಎಂದು ಸೇರಿಸಿದ್ದು ಬಹಳ ಮುಖ್ಯ, ಏಕೆಂದರೆ ಫೀಸು ಎಂಬ ಹೆಸರಿನಲ್ಲಿ ಹಣ ಕೇಳುವ ಏಜೆಂಟ್ ಅಪರೂಪ. ತರಬೇತಿ, ಮೆಡಿಕಲ್, ದಾಖಲೆ ಪತ್ರ, ಸಮವಸ್ತ್ರ, ಟಿಕೆಟ್ ಎಂದು ಬಿಡಿಬಿಡಿಯಾಗಿ ಕೇಳುತ್ತಾನೆ. ಅದಕ್ಕಾಗಿಯೇ ಇದೇ ಸಂಘಟನೆ ಆಮೇಲೆ ನೇಮಕಾತಿ ವೆಚ್ಚ ಅಂದರೇನು ಎಂಬ ವಿವರಣೆ ಕೊಟ್ಟು, ವೈದ್ಯಕೀಯ ಪರೀಕ್ಷೆ, ವಿಮೆ, ಕೌಶಲ ಪರೀಕ್ಷೆ, ತರಬೇತಿ, ಸಲಕರಣೆ, ಪ್ರಯಾಣ, ಆಡಳಿತ ವೆಚ್ಚ ಎಲ್ಲವನ್ನೂ ಅದರೊಳಗೆ ಸೇರಿಸಿತು.

ಆದರೆ ಒಡಂಬಡಿಕೆ ಅಂಗೀಕರಿಸಿದ ದೇಶವನ್ನು ಮಾತ್ರ ಕಟ್ಟಿಹಾಕುತ್ತದೆ. ಭಾರತ ಅದನ್ನು ಅಂಗೀಕರಿಸಿಲ್ಲ. ನಮ್ಮ 1983ರ ವಲಸೆ ಕಾಯ್ದೆಯ ದಾರಿ ಬೇರೆ: ನೋಂದಣಿ ಇಲ್ಲದೆ ಯಾವ ಏಜೆಂಟನೂ ವಿದೇಶದ ಕೆಲಸಕ್ಕೆ ಜನರನ್ನು ನೇಮಿಸುವ ಹಾಗಿಲ್ಲ, ನೋಂದಾಯಿತ ಏಜೆಂಟ್ ಸರ್ಕಾರ ಗೊತ್ತುಮಾಡಿದ ಮಿತಿಯೊಳಗೆ ಮಾತ್ರ ಸೇವಾ ಶುಲ್ಕ ತೆಗೆದುಕೊಳ್ಳಬಹುದು. ಆ ಮಿತಿ 30,000 ರೂಪಾಯಿ, ಜೊತೆಗೆ ತೆರಿಗೆ. ಫಿಲಿಪ್ಪೀನ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ತಿಂಗಳ ಸಂಬಳದ ಮಿತಿ, ಅದೂ ಒಪ್ಪಂದಕ್ಕೆ ಸಹಿಯಾದ ಮೇಲೆ, ರಸೀದಿ ಕೊಟ್ಟು. ಮನೆಗೆಲಸಕ್ಕೆ ಹೋಗುವವರಿಂದ ಅಲ್ಲಿ ಏನೂ ತೆಗೆದುಕೊಳ್ಳುವಂತಿಲ್ಲ.

ಮಿತಿ ಹಾಕುವ ಪದ್ಧತಿಯ ಬಗ್ಗೆ ನನಗೆ ತಕರಾರಿದೆ. ಶೂನ್ಯ ಎಂದರೆ ಒಂದು ರೂಪಾಯಿ ಕೇಳಿದರೂ ತಪ್ಪು ಎಂದು ಹಳ್ಳಿಯ ಹುಡುಗನಿಗೂ ಗೊತ್ತಾಗುತ್ತದೆ. ಮಿತಿ ಎಂದರೆ ಏಜೆಂಟ್ ಅಷ್ಟಕ್ಕೆ ರಸೀದಿ ಬರೆದು ಉಳಿದದ್ದನ್ನು ನಗದಾಗಿ ಪಡೆಯುತ್ತಾನೆ. ಆ ರಸೀದಿಯೇ ಮುಂದೆ ಅವನ ರಕ್ಷಣೆಗೆ ನಿಲ್ಲುತ್ತದೆ.

ಫಿಲಿಪ್ಪೀನ್ಸ್‌ನ 1995ರ ವಲಸೆ ಕಾರ್ಮಿಕರ ಕಾಯ್ದೆಯಲ್ಲಿ ಇದಕ್ಕಿಂತ ಗಟ್ಟಿಯಾದ ಇನ್ನೊಂದು ಅಂಶವಿದೆ. ಕಾರ್ಮಿಕನ ಬಾಕಿ ಸಂಬಳಕ್ಕೆ ವಿದೇಶದ ಮಾಲೀಕ ಮತ್ತು ಸ್ವದೇಶದ ಏಜೆನ್ಸಿ ಇಬ್ಬರೂ ಜಂಟಿಯಾಗಿ ಹೊಣೆ. ಅಂದರೆ ನಾನು ಹೇಳಿದ ಲೆಕ್ಕದಲ್ಲಿ ಆ ಮೂವತ್ತರ ಕಡಿತವನ್ನು ಕಾರ್ಮಿಕ ತನ್ನ ದೇಶಕ್ಕೆ ಬಂದು ಏಜೆನ್ಸಿಯಿಂದಲೇ ಕೇಳಬಹುದು. ಪರದೇಶದ ಕೋರ್ಟಿನ ಬಾಗಿಲು ತಟ್ಟಬೇಕಿಲ್ಲ. ಒಪ್ಪಂದ ಬದಲಾಯಿಸುವುದು, ದಾಖಲೆ ತಡೆಹಿಡಿಯುವುದು ಕೂಡ ಅಲ್ಲಿ ಅಕ್ರಮ ನೇಮಕಾತಿಯ ಅಪರಾಧವೇ.

ಇನ್ನು ಹೊರಡುವ ಮುನ್ನ ಗುರುತಿಸುವುದು ಹೇಗೆ? ಆಫರ್ ಲೆಟರ್ ಎಷ್ಟು ಚೆನ್ನಾಗಿದೆ ಎಂದು ನೋಡಬೇಡಿ, ಅದನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ವೀಸಾದ ಮೇಲೆ ಏನು ಬರೆದಿದೆ ನೋಡಿ. ಪ್ರವಾಸಿ ಅಥವಾ ಭೇಟಿ ವೀಸಾ ಕೊಟ್ಟು "ಅಲ್ಲಿ ಹೋದ ಮೇಲೆ ಬದಲಾಯಿಸುತ್ತಾರೆ" ಎಂದರೆ ಅಲ್ಲಿಗೆ ನಿಲ್ಲಿಸಿ. ಆ ವೀಸಾದಲ್ಲಿ ಕೆಲಸ ಮಾಡುವ ಹಕ್ಕಿಲ್ಲ, ಸಂಬಳ ಕೊಡದಿದ್ದಾಗ ದೂರು ಕೊಡಲು ಹೋದರೆ ಸಿಕ್ಕಿಬೀಳುವವರು ನೀವೇ. ಏಜೆಂಟ್ ನೋಂದಾಯಿತನೇ ಎಂಬುದನ್ನು emigrate.gov.in ನಲ್ಲಿ ನೋಡಬಹುದು. ಆದರೆ ನಿಮ್ಮ ಕೈಯಿಂದ ಹಣ ಪಡೆಯುವವನು ಆ ನೋಂದಾಯಿತ ಏಜೆಂಟನೇ ಅಥವಾ ಅವನ ಹೆಸರು ಹೇಳುವ ಸಬ್ ಏಜೆಂಟನೇ ಎಂಬುದನ್ನು ಬೇರೆಯಾಗಿಯೇ ವಿಚಾರಿಸಬೇಕು. ಕಂಪನಿಯ ಫೋನ್ ನಂಬರನ್ನು ಏಜೆಂಟನಿಂದ ಪಡೆಯದೆ ನೀವೇ ಹುಡುಕಿ ಮಾತಾಡಿ, ಆ ಹುದ್ದೆ ಇದೆಯೇ ಎಂದು ಕೇಳಿ.

ಫೀಸು ಕೇಳಲಿಲ್ಲ, ಟಿಕೆಟ್ಟನ್ನೂ ಕೊಟ್ಟರು ಎಂಬುದು ಮಾತ್ರ ಭರವಸೆಯಲ್ಲ. ಥಾಯ್ಲೆಂಡ್‌ನಲ್ಲಿ ಕಂಪ್ಯೂಟರ್ ಕೆಲಸ ಎಂದು ಕರೆಸಿಕೊಂಡು, ಗಡಿ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಡ್ಡಿ ಸುತ್ತಲಿನ ಆನ್‌ಲೈನ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿದ ಭಾರತೀಯರಲ್ಲಿ ಓದಿದ ಯುವಕರೇ ಬಹಳ ಮಂದಿ. ಅಲ್ಲಿ ಲಾಭ ಫೀಸಿನಿಂದ ಬರುವುದಿಲ್ಲ, ಬಲವಂತದ ದುಡಿಮೆಯಿಂದ, ಬಿಡುಗಡೆಗೆ ಕೇಳುವ ಹಣದಿಂದ ಬರುತ್ತದೆ.

ಈಗಾಗಲೇ ಹಣ ಕೊಟ್ಟವರು ಮಾಡಬೇಕಾದದ್ದು ಏನು ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಬ್ಯಾಂಕ್ ವರ್ಗಾವಣೆಯ ದಾಖಲೆ, ವಾಟ್ಸಾಪ್ ಸಂದೇಶ, ಧ್ವನಿಮುದ್ರಿಕೆ ಯಾವುದನ್ನೂ ಅಳಿಸಬೇಡಿ. ರಸೀದಿ ಇಲ್ಲದವರಿಗೆ ಅವೇ ಸಾಕ್ಷಿ. ಅದೇ ಏಜೆಂಟನಿಗೆ ದುಡ್ಡು ಕೊಟ್ಟ ಇತರರನ್ನು ಹುಡುಕಿ, ಒಟ್ಟಾಗಿ ದೂರು ಕೊಡಿ. ನಮ್ಮ ಕಾಯ್ದೆಯಡಿ ಮೊಕದ್ದಮೆ ಹೂಡಲು ಸಾಮಾನ್ಯವಾಗಿ ಕೇಂದ್ರ ಸರ್ಕಾರದ ಮಂಜೂರಾತಿ ಬೇಕು, ಆದರೆ ಮೋಸಹೋದವರೇ ದೂರು ಕೊಟ್ಟರೆ ಅದು ಬೇಕಿಲ್ಲ. ಅವರು ವಿದೇಶದಲ್ಲಿ ಸಿಕ್ಕಿಬಿದ್ದಿದ್ದರೆ ಅವರ ಪರವಾಗಿ ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ದೂರು ಕೊಡಬಹುದು.